ಅಜ್ಜಿಗೆ ಸ್ಪ್ಯಾನಿಷಿನಲ್ಲಿ ಹುಟ್ಟುಹಬ್ಬದ ನಾಲ್ಕು ಸಾಲು

ನನ್ನ ಮಗಳು ಮದುವೆಯಾದ ಮನೆತನ ಕೊಲಂಬಿಯಾದ ಬೊಗೊಟಾ ಕಡೆಯದು. ಅಳಿಯನ ಅಜ್ಜಿಗೆ ಎಂಬತ್ತು ತುಂಬಿದಾಗ ಆಕೆ ಶುಭಾಶಯಪತ್ರವೊಂದನ್ನು ಬರೆದು, ಅಂಚೆಗೆ ಹಾಕುವ ಮೊದಲು ನನಗೆ ತೋರಿಸಿದಳು. ಅಮೆರಿಕದಲ್ಲಿ ಇಷ್ಟು ವರ್ಷ ಸ್ಪ್ಯಾನಿಷ್ ಮಾತನಾಡುವ ರೋಗಿಗಳನ್ನು ನೋಡುತ್ತ ಬಂದುದರಿಂದ ನನಗೆ ಆ ಭಾಷೆಯ ಪರಿಚಯ ತಕ್ಕಮಟ್ಟಿಗೆ ಇದೆ. ಅವಳ ಬರಹದಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ. ಆದರೆ ಅಜ್ಜಿ ಒಂದು ವಾಕ್ಯದಲ್ಲಿ ‘ನೀವು’ ಆಗಿದ್ದರೆ ಮುಂದಿನದರಲ್ಲಿ ‘ನೀನು’ ಆಗಿಬಿಟ್ಟಿದ್ದರು.

ಸ್ಪ್ಯಾನಿಷಿನಲ್ಲಿ ‘ತೂ’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಅಜ್ಜಿಗೆ ಯಾವುದು ತಕ್ಕುದು ಎಂಬುದಕ್ಕೆ ಒಂದೇ ಉತ್ತರವಿಲ್ಲ. ನಮ್ಮಲ್ಲಿಯೂ ಹಲವು ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜಿಯನ್ನು ಸಲುಗೆಯಿಂದ ‘ನೀನು’ ಎನ್ನುತ್ತಾರೆ. ಪಕ್ಕದ ಮನೆಯಲ್ಲಿ ಅದು ಅವಿಧೇಯತೆಯೆನಿಸುತ್ತದೆ. ಹಾಗೆಯೇ ಸ್ಪೇನಿನಲ್ಲಿ ಇಂದು ಮೊಮ್ಮಕ್ಕಳು ಸಾಮಾನ್ಯವಾಗಿ ‘ತೂ’ ಎಂದೇ ಮಾತನಾಡಿಸುತ್ತಾರೆ. ಮೆಕ್ಸಿಕೊದಲ್ಲಿ ಅದು ಮನೆಯಿಂದ ಮನೆಗೆ ಬೇರೆ. ಬೊಗೊಟಾ ಸುತ್ತಿನ ಮಲೆನಾಡಿನಲ್ಲಂತೂ ಅಣ್ಣತಮ್ಮಂದಿರೂ ದಂಪತಿಗಳೂ ಪರಸ್ಪರ ‘ಉಸ್ತೆದ್’ ಎನ್ನುವುದುಂಟು. ಅಲ್ಲಿ ಆ ಪದ ದೂರವನ್ನು ಸೂಚಿಸಲೇಬೇಕೆಂದಿಲ್ಲ. ಆದ್ದರಿಂದ ವ್ಯಾಕರಣ ಪುಸ್ತಕವನ್ನು ತೆರೆಯುವ ಮೊದಲು, ಆ ಮನೆಯ ಮೊಮ್ಮಕ್ಕಳು ಅಜ್ಜಿಯನ್ನು ಹೇಗೆ ಮಾತನಾಡಿಸುತ್ತಾರೆಂದು ಕೇಳಿಸಿಕೊಳ್ಳಬೇಕು. ನಮ್ಮ ಅಳಿಯ ತನ್ನ ಅಜ್ಜಿಗೆ ಎಂದೂ ‘ಉಸ್ತೆದ್’.

‘ಉಸ್ತೆದ್’ ಹುಟ್ಟಿದ್ದು ‘ವ್ವೆಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಹಳೆಯ ಸಂಬೋಧನೆ ಸವೆದು. ಎದುರಿಗಿರುವವರನ್ನೇ ಪ್ರಥಮ ಪುರುಷದಲ್ಲಿ ಹೇಳುವ ಕ್ರಮವದು. ನಾವು ‘ಸ್ವಾಮಿಗಳು ದಯಮಾಡಿಸಬೇಕು’ ಎಂದು ಅವರ ಮುಂದೆಯೇ ಹೇಳುವಂತೆ. ಹೀಗಾಗಿ ‘ಉಸ್ತೆದ್’ ಆರಿಸಿಕೊಂಡ ಮೇಲೆ ಕ್ರಿಯಾಪದ, ‘ನಿಮ್ಮ’, ‘ನಿಮಗೆ’, ‘ನಿಮ್ಮನ್ನು’ ಎಲ್ಲವೂ ‘ಅವರು’ ಎನ್ನುವಾಗಿನ ರೂಪವನ್ನೇ ತಾಳಬೇಕು. ಆ ಪದವನ್ನು ಪತ್ರದಲ್ಲಿ ಒಮ್ಮೆಯೂ ಬರೆಯಬೇಕಾಗಿಲ್ಲ.

ಮಗಳು ‘ಗ್ರಾಸ್ಯಾಸ್ ಪೋರ್ ಸು ಕರೀನ್ಯೊ’ (ನಿಮ್ಮ ಅಕ್ಕರೆಗೆ ಕೃತಜ್ಞಳು) ಎಂದು ಸರಿಯಾಗಿಯೇ ಬರೆದಿದ್ದಳು. ಅದರ ಬೆನ್ನಿಗೇ ‘ತೆ ಕ್ಯೇರೊ ಮೂಚೊ’ ಎಂದಿತ್ತು: ನಿನ್ನನ್ನು ಬಹಳ ಪ್ರೀತಿಸುತ್ತೇನೆ. ಇದು ಎಲ್ಲರಿಗೂ ಬಾಯಿಪಾಠವಾಗಿರುವ ವಾಕ್ಯವಾದುದರಿಂದ ತಪ್ಪು ಹೆಚ್ಚಾಗಿ ಇಲ್ಲಿಯೇ ನುಸುಳುತ್ತದೆ. ‘ತೆ’ ಎಂಬುದರ ಜಾಗದಲ್ಲಿ ‘ಲಾ’ ಬಂದರೆ ಸಾಕು: ‘ಲಾ ಕ್ಯೇರೊ ಮೂಚೊ’. ಹಾಗಾದರೆ ‘ನಿಮಗೆ ಆರೋಗ್ಯ ಹಾರೈಸುತ್ತೇನೆ’ ಎಂಬಲ್ಲಿಯೂ ‘ಲಾ’ ತಾನೇ ಎಂದಳು. ಅಲ್ಲ, ಅಲ್ಲಿ ‘ಲೆ ದೆಸೇಓ ಮೂಚಾ ಸಲೂದ್’. ಕನ್ನಡಿಗರಿಗೆ ಇದು ಸುಲಭ. ‘ನಿಮ್ಮನ್ನು’ ಬರುವಲ್ಲಿ ‘ಲಾ’, ‘ನಿಮಗೆ’ ಬರುವಲ್ಲಿ ‘ಲೆ’. ದ್ವಿತೀಯಾ, ಚತುರ್ಥಿ ವಿಭಕ್ತಿಗಳ ವ್ಯತ್ಯಾಸವಷ್ಟೇ.

‘ಲಾ ಕ್ಯೇರೊ’ ಎಂದರೆ ತಣ್ಣಗಾಯಿತಲ್ಲವೇ ಎಂಬುದು ಅವಳ ಆಕ್ಷೇಪ. ಆದರೆ ಸ್ಪ್ಯಾನಿಷಿನಲ್ಲಿ ಗೌರವವನ್ನು ಕ್ರಿಯಾಪದ, ಸರ್ವನಾಮಗಳು ಹೊತ್ತರೆ ಅಕ್ಕರೆಯನ್ನು ನಾಮಪದಗಳು ಹೊರುತ್ತವೆ. ಅಜ್ಜಿ ‘ಅಬ್ವೆಲಾ’, ‘ಅಬ್ವೆಲೀತಾ’ ಎಂದೊಡನೆ ಮುದ್ದು ಬಂತು. ‘ಕರೀನ್ಯೊ’ (ಅಕ್ಕರೆ), ‘ಅಬ್ರಾಸೊ’ (ಅಪ್ಪುಗೆ) ಇವೂ ಅದೇ ಕೆಲಸ ಮಾಡುತ್ತವೆ. ಇವನ್ನು ಎಷ್ಟು ಬಳಸಿದರೂ ಮರ್ಯಾದೆ ಕುಂದದು.

ಕೊನೆಗೆ ಪತ್ರ ಹೀಗಾಯಿತು:

‘ಕೆರೀದಾ ಅಬ್ವೆಲೀತಾ: ಫೆಲೀಸ್ ಕುಂಪ್ಲೆಆನ್ಯೋಸ್! ಲೆ ದೆಸೇಓ ಮೂಚಾ ಸಲೂದ್. ಗ್ರಾಸ್ಯಾಸ್ ಪೋರ್ ಸು ಕರೀನ್ಯೊ. ಲಾ ಕ್ಯೇರೊ ಮೂಚೊ. ಕೆ ಕೂಂಪ್ಲಾ ಮೂಚೋಸ್ ಆನ್ಯೋಸ್ ಮಾಸ್. ಉನ್ ಅಬ್ರಾಸೊ ಫ್ವೆರ್ತೆ ದೆ ಸು ನ್ಯೇತಾ.’

ಪ್ರೀತಿಯ ಅಜ್ಜಿ, ಹುಟ್ಟುಹಬ್ಬದ ಶುಭಾಶಯಗಳು. ನಿಮಗೆ ಒಳ್ಳೆಯ ಆರೋಗ್ಯವಿರಲಿ. ನಿಮ್ಮ ಅಕ್ಕರೆಗೆ ಕೃತಜ್ಞಳು. ನಿಮ್ಮನ್ನು ಬಹಳ ಪ್ರೀತಿಸುತ್ತೇನೆ. ಇನ್ನೂ ಬಹಳ ವರ್ಷಗಳನ್ನು ಪೂರೈಸುವಂತಾಗಲಿ. ನಿಮ್ಮ ಮೊಮ್ಮಗಳ ಬಿಗಿಯಾದ ಅಪ್ಪುಗೆ. ‘ತೂ’ ಎನ್ನುವ ಮನೆಯಾಗಿದ್ದರೆ ‘ಲೆ’, ‘ಲಾ’ ಎರಡೂ ‘ತೆ’ ಆಗುತ್ತವೆ, ‘ಸು’ ಎಂಬುದು ‘ತು’ ಆಗುತ್ತದೆ, ‘ಕೂಂಪ್ಲಾ’ ಹೋಗಿ ‘ಕೂಂಪ್ಲಾಸ್’ ಬರುತ್ತದೆ. ಉಳಿದುದೆಲ್ಲ ಹಾಗೆಯೇ.

ಬರವಣಿಗೆಯಲ್ಲಿ ಸಂಬೋಧನೆಯ ಮುಂದೆ ಅಲ್ಪವಿರಾಮವಲ್ಲ, ಎರಡು ಚುಕ್ಕಿ. ಉದ್ಗಾರಚಿಹ್ನೆಯನ್ನು ವಾಕ್ಯದ ಮೊದಲಿಗೂ ತಲೆಕೆಳಗಾಗಿ ಹಾಕಬೇಕು. ಕನ್ನಡ ಲಿಪಿಯಲ್ಲಿ ನಾನು ಅದನ್ನು ಬಿಟ್ಟಿದ್ದೇನೆ. ಮರೆತರೆ ಅಜ್ಜಿ ಕ್ಷಮಿಸಿಯಾರು.

ಮರೆಯಬಾರದುದು ‘ಆನ್ಯೋಸ್’ ಪದದ ‘ಎನ್’ ಅಕ್ಷರದ ಮೇಲಿನ ಪುಟ್ಟ ಅಲೆಗೆರೆ. ಅದು ಬಿದ್ದುಹೋದರೆ ಓದು ‘ಆನೋಸ್’ ಎಂದಾಗುತ್ತದೆ. ‘ವರ್ಷಗಳು’ ಹೋಗಿ ‘ಗುದದ್ವಾರಗಳು’ ಉಳಿಯುತ್ತವೆ. ಇಂಗ್ಲಿಷ್ ಕೀಲಿಮಣೆಯಲ್ಲಿ ತುಂಬಿದ ವೈದ್ಯಕೀಯ ದಾಖಲೆಗಳಲ್ಲಿ ‘ಅರವತ್ತು ಆನೋಸ್’ ಎಂಬ ವಯಸ್ಸನ್ನು ನಾನು ಎಷ್ಟೋ ಸಲ ಓದಿ ಸುಮ್ಮನಿದ್ದೇನೆ. ಮಗಳ ಪತ್ರದಲ್ಲಿ ಆ ಗೆರೆ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಪೆನ್ನು ತೆಗೆದು ಎಳೆದಳು.