ಬೇಜಾರು ಅಂದರೆ ಯಾವ ಬೇಜಾರು?

ಡೈರಿ ಬರೆಯುವ ಅಭ್ಯಾಸವಿದ್ದವರು ತಮ್ಮ ಹಳೆಯ ಪುಟಗಳನ್ನು ಒಮ್ಮೆ ತಿರುವಿ ನೋಡಲಿ. ‘ಬೇಜಾರಾಯಿತು’ ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ. ಮಳೆ ಹಿಡಿದು ಮನೆಯಲ್ಲೇ ಕೂತರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಆರು ತಿಂಗಳು ಕಳೆದ ಮೇಲೆ ಓದಿದರೆ, ಆ ದಿನ ಮನಸ್ಸಿಗೆ ಆದದ್ದೇನು ಎಂದು ಬರೆದವರಿಗೇ ತಿಳಿಯುವುದಿಲ್ಲ. ಡೈರಿಯ ಒಳಹೊದಿಕೆಗೆ ಅಂಟಿಸಿಕೊಳ್ಳುವ ಒಂದು ಪದಪಟ್ಟಿ ಇದ್ದರೆ ಈ ಕೊರತೆ ನೀಗುತ್ತದೆ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ಲುಚಿಕ್ 1980ರಲ್ಲಿ ಭಾವನೆಗಳ ಚಕ್ರವೊಂದನ್ನು ಮುಂದಿಟ್ಟರು. ಅದರಲ್ಲಿ ಎಂಟು ಮೂಲಭಾವನೆಗಳಿವೆ, ಪ್ರತಿಯೊಂದಕ್ಕೂ ತೀವ್ರತೆಯ ಮೂರು ಹಂತಗಳಿವೆ. ಆ ಕ್ರಮವನ್ನು ನಾವೂ ಬಳಸಬಹುದು: ಮೊದಲು ಯಾವ ಜಾತಿಯ ಭಾವನೆ ಎಂದು ಗುರುತಿಸುವುದು, ಆಮೇಲೆ ಎಷ್ಟು ಎಂದು ಅಳೆಯುವುದು. ನಾಲ್ಕು ಗುಂಪು, ಗುಂಪಿಗೆ ನಾಲ್ಕು ಪದ ಇದ್ದರೆ ಶುರುವಿಗೆ ಸಾಕು. ಮೆಲ್ಲನೆಯದರಿಂದ ತೀವ್ರವಾದದ್ದಕ್ಕೆ ಹೀಗೆ ಜೋಡಿಸಬಹುದು:

ಸಿಟ್ಟು: ಕಿರಿಕಿರಿ, ಅಸಮಾಧಾನ, ಸಿಟ್ಟು, ಆಕ್ರೋಶ
ದುಃಖ: ಮಂಕು, ನೋವು, ದುಃಖ, ಶೋಕ
ಭಯ: ಅಳುಕು, ಆತಂಕ, ಹೆದರಿಕೆ, ದಿಗಿಲು
ಸಂತೋಷ: ನೆಮ್ಮದಿ, ಖುಷಿ, ಸಂಭ್ರಮ, ಪರಮಾನಂದ

ಯಾವ ಪದ ಮೇಲೆ, ಯಾವುದು ಕೆಳಗೆ ಎಂದು ಪರೀಕ್ಷಿಸಲು ಸುಲಭದ ದಾರಿ ಒಂದಿದೆ. ಎರಡು ಪದಗಳನ್ನು ‘ಬರೀ ಇದಲ್ಲ, ಅದೇ’ ಎಂಬ ವಾಕ್ಯದಲ್ಲಿ ಇಟ್ಟು ನೋಡಿ. ‘ಬರೀ ಕಿರಿಕಿರಿ ಅಲ್ಲ, ಸಿಟ್ಟೇ ಬಂತು’ ಎಂದರೆ ಕಿವಿಗೆ ಸರಿ ಕೇಳುತ್ತದೆ. ‘ಬರೀ ಸಿಟ್ಟಲ್ಲ, ಕಿರಿಕಿರಿಯೇ ಆಯಿತು’ ಎಂದರೆ ಮಾತು ತಲೆಕೆಳಗಾದಂತೆ ಅನಿಸುತ್ತದೆ. ನಿಮ್ಮ ಮನೆಯ ಮಾತಿನಲ್ಲಿ ಹೆದರಿಕೆಗಿಂತ ಅಂಜಿಕೆಯೇ ಹತ್ತಿರವಾದರೆ ಅದನ್ನೇ ಬರೆಯಿರಿ. ನಾಲಿಗೆಗೆ ತಾನಾಗಿ ಬಾರದ ಪದ ರಾತ್ರಿ ಹತ್ತು ಗಂಟೆಗೆ ಪೆನ್ನಿಗೂ ಬರುವುದಿಲ್ಲ.

ಈ ಪಟ್ಟಿ ಮಾಡುವಾಗ ಎರಡು ಕಡೆ ಎಡವುವುದುಂಟು. ಮೊದಲನೆಯದು, ಬಗೆ ಬೇರೆಯಾದ ಪದಗಳನ್ನೂ ತೀವ್ರತೆಯ ಸಾಲಿಗೆ ಸೇರಿಸುವುದು. ಮುನಿಸು ಎಂದರೆ ಸಣ್ಣ ಸಿಟ್ಟಲ್ಲ. ಅದು ಹತ್ತಿರದವರ ಮೇಲೆ ಮಾತ್ರ ಬರುವಂಥದ್ದು, ಅವರು ಬಂದು ರಮಿಸಲಿ ಎಂಬ ನಿರೀಕ್ಷೆ ಅದರೊಳಗೇ ಇದೆ. ಬಸ್ ಕಂಡಕ್ಟರ್ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಹಗೆಯೂ ಹಾಗೆಯೇ; ಅದು ಎಷ್ಟು ಜೋರು ಎಂಬುದಕ್ಕಿಂತ ಎಷ್ಟು ಕಾಲ ಉಳಿಯಿತು ಎಂಬುದನ್ನು ಹೇಳುತ್ತದೆ. ಇಂಥ ಪದಗಳನ್ನು ಸಾಲಿನ ಪಕ್ಕದಲ್ಲಿ ಬೇರೆಯಾಗಿ ಬರೆದಿಡಿ.

ಎರಡನೆಯದು, ಇನ್ನೊಬ್ಬರ ಮೇಲಿನ ತೀರ್ಪನ್ನು ಭಾವನೆ ಎಂದು ಬರೆಯುವುದು. ‘ನನ್ನನ್ನು ಕಡೆಗಣಿಸಿದರು ಅನಿಸಿತು’ ಎಂಬುದು ಅವರು ಮಾಡಿದ್ದರ ಬಗ್ಗೆ ನಿಮ್ಮ ಅಂದಾಜು. ಆಗ ನಿಮಗೆ ಆದದ್ದು ನೋವೋ ಸಿಟ್ಟೋ ಎಂಬುದು ಅದರಲ್ಲಿಲ್ಲ. ‘ಅನಿಸಿತು’ ಎಂದು ಬರೆದ ಕಡೆಯಲ್ಲೆಲ್ಲ ‘ಆಗ ನನಗೆ ಏನಾಯಿತು?’ ಎಂದು ಕೇಳಿಕೊಂಡರೆ ಭಾವನೆಯ ಹೆಸರು ಹೊರಬರುತ್ತದೆ.

ಪಟ್ಟಿ ಕೆಲಸ ಮಾಡುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಶಾಲಾ ಶಿಕ್ಷಕಿಯೊಬ್ಬರು, ‘ಇವತ್ತು ಸ್ಟಾಫ್ ಮೀಟಿಂಗಿನಲ್ಲಿ ತುಂಬಾ ಬೇಜಾರಾಯಿತು’ ಎಂದು ಬರೆದರು ಎಂದಿಟ್ಟುಕೊಳ್ಳಿ. ಪಟ್ಟಿ ಮುಂದಿಟ್ಟುಕೊಂಡು ಅದನ್ನೇ ಮತ್ತೆ ಬರೆದಾಗ ಹೀಗಾಗುತ್ತದೆ: ‘ವಾರ್ಷಿಕೋತ್ಸವದ ನಾಟಕ ಮಾಡಿಸಿದ್ದು ನಾನು. ಹೆಡ್‌ಮಾಸ್ಟರು ನನ್ನ ಹೆಸರು ಹೇಳಲಿಲ್ಲ. ಆಗ ಸಿಟ್ಟು ಬಂತು. ಮನೆಗೆ ಬರುವಷ್ಟರಲ್ಲಿ ಅದು ಅಸಮಾಧಾನಕ್ಕೆ ಇಳಿದಿತ್ತು. ನಾಳೆ ಅವರನ್ನೇ ಕೇಳೋಣ ಎಂದರೆ ಅಳುಕು.’ ಒಂದೇ ಬೇಜಾರಿನೊಳಗೆ ಎರಡು ಭಾವನೆಗಳಿದ್ದವು. ಸಿಟ್ಟು ತಾನಾಗಿ ಇಳಿಯುತ್ತಿದೆ, ಉಳಿದಿರುವುದು ಅಳುಕು. ಹಾಗಾಗಿ ನಾಳೆಗೆ ಬೇಕಾದದ್ದು ಜಗಳದ ಸಿದ್ಧತೆಯಲ್ಲ, ಹೆಡ್‌ಮಾಸ್ಟರ ಮುಂದೆ ಹೇಳಬೇಕಾದ ಎರಡು ವಾಕ್ಯಗಳು. ‘ತುಂಬಾ ಬೇಜಾರು’ ಎಂಬಲ್ಲಿ ನಿಂತಿದ್ದರೆ ಇದು ಕಾಣುತ್ತಿರಲಿಲ್ಲ.

‘ತುಂಬಾ’, ‘ಸಿಕ್ಕಾಪಟ್ಟೆ’ ಎಂದು ಬರೆಯಲು ಕೈ ಹೋದಾಗ ಪಟ್ಟಿಯಲ್ಲಿ ಮುಂದಿನ ಪದವನ್ನು ನೋಡಿ. ಅದು ಒಪ್ಪಿದರೆ ಬಳಸಿ, ಹೆಚ್ಚಾಯಿತು ಎನಿಸಿದರೆ ಮೊದಲಿನದೇ ಸರಿ. ದಿನವೂ ತುದಿಯ ಪದವನ್ನೇ ಆರಿಸುತ್ತಿದ್ದರೆ ಅಳತೆ ಕೆಟ್ಟಿದೆಯೇ ಎಂದು ಒಮ್ಮೆ ಯೋಚಿಸಿ.

ಅಳತೆ ಸರಿಯಾಗಿಯೇ ಇದ್ದು, ದುಃಖದ ಸಾಲಿನ ಕೊನೆಯ ಪದಗಳೇ ಎರಡು ವಾರ ಬಿಡದೆ ಬರುತ್ತಿದ್ದರೆ, ನಿದ್ದೆ ಊಟಗಳೂ ಕೆಟ್ಟಿದ್ದರೆ, ಅದು ಡೈರಿಯಲ್ಲಿ ಮುಗಿಸುವ ವಿಷಯವಲ್ಲ. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.