ಪಿಪಿಟಿಯಲ್ಲಿ ಪರೀಕ್ಷೆಗೆ ಬರುವುದು ಯಾವುದು?

ಪರೀಕ್ಷೆ ಹತ್ತಿರ ಬಂತೆಂದರೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪಠ್ಯಪುಸ್ತಕ ಬದಿಗಿಟ್ಟು, ಮೇಷ್ಟ್ರು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಪಿಪಿಟಿಯನ್ನೇ ನೆಚ್ಚಿಕೊಳ್ಳುತ್ತಾರೆ. ಆದರೆ ಸ್ಲೈಡಿನಲ್ಲಿ ಲೆಕ್ಕ ಮಾಡುವ ಕ್ರಮವೂ ಮಾತಿಗೆ ಬಂದ ಇತಿಹಾಸದ ತುಣುಕೂ ಒಂದೇ ಗಾತ್ರದ ಅಕ್ಷರದಲ್ಲಿ ಕೂತಿರುತ್ತವೆ. ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಎನ್ನುವುದಕ್ಕೆ ಸ್ಲೈಡುಗಳೇ ಮೂರು ಸುಳಿವು ಕೊಡುತ್ತವೆ: ಮತ್ತೆ ಮತ್ತೆ ಬರುವ ಪದ, ಒತ್ತು ಕೊಟ್ಟ ಅಕ್ಷರ, ಬಿಡಿಸಿ ತೋರಿಸಿದ ಲೆಕ್ಕ.

ಆಪರೇಟಿಂಗ್ ಸಿಸ್ಟಮ್ ವಿಷಯದ ‘ಪೇಜ್ ರಿಪ್ಲೇಸ್‌ಮೆಂಟ್’ ಪಾಠವನ್ನು ತೆಗೆದುಕೊಳ್ಳೋಣ. ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಕಡಿಮೆ. ಆ ಜಾಗದ ಒಂದೊಂದು ಖಾನೆಗೆ ಫ್ರೇಮ್ ಎನ್ನುತ್ತಾರೆ. ಬೇಕಾದ ಪೇಜ್ ಅಲ್ಲಿಲ್ಲದಿದ್ದರೆ ಅದು ಪೇಜ್ ಫಾಲ್ಟ್. ಖಾನೆಗಳೆಲ್ಲ ತುಂಬಿದ್ದಾಗ ಹೊಸದಕ್ಕೆ ಜಾಗ ಮಾಡಲು ಯಾವ ಪೇಜನ್ನು ಹೊರಗೆ ಹಾಕಬೇಕು ಎಂಬುದೇ ಪಾಠದ ಪ್ರಶ್ನೆ. ಮೊದಲು ಬಂದದ್ದನ್ನು ಮೊದಲು ಹೊರಹಾಕುವುದು ಫಿಫೊ. ಬಹಳ ಹೊತ್ತಿನಿಂದ ಬಳಸದೇ ಇರುವುದನ್ನು ಹೊರಹಾಕುವುದು ಎಲ್‌ಆರ್‌ಯು.

ಮೊದಲು ಪದಗಳನ್ನು ನೋಡಿ. Ctrl+F ಒತ್ತಿ ಹುಡುಕುತ್ತಾ ಹೋದರೆ ಎಷ್ಟು ಸಲ ಬಂದಿದೆ ಎಂದು ಎಣಿಸಬಹುದು. ಆದರೆ ಬರೀ ಎಣಿಕೆ ಮೋಸ ಮಾಡುತ್ತದೆ. ಅಡಿಟಿಪ್ಪಣಿಯಲ್ಲಿರುವ ಕಾಲೇಜಿನ ಹೆಸರು ಪ್ರತಿ ಸ್ಲೈಡಿನಲ್ಲೂ ಇರುತ್ತದೆ. ಸಾಲು ಸಾಲಾಗಿ ಮೂಡುವ ಸ್ಲೈಡನ್ನು ಕೆಲವು ಸಲ ಪಿಡಿಎಫ್‌ಗೆ ತಿರುಗಿಸಿದಾಗ ಒಂದೇ ಸ್ಲೈಡ್ ನಾಲ್ಕು ಪುಟವಾಗಿ, ಪದಗಳೂ ನಾಲ್ಕು ಪಟ್ಟಾಗುತ್ತವೆ. ಹಾಗಾಗಿ ಪದ ಎಷ್ಟು ಸಲ ಬಂತು ಎನ್ನುವುದಕ್ಕಿಂತ ಎಷ್ಟು ಬೇರೆ ಬೇರೆ ವಿಷಯಗಳಲ್ಲಿ ಬಂತು ಎಂದು ನೋಡಬೇಕು. ‘ಪೇಜ್ ಫಾಲ್ಟ್’ ಫಿಫೊದಲ್ಲಿ ಬರುತ್ತದೆ, ಎಲ್‌ಆರ್‌ಯುನಲ್ಲಿ ಬರುತ್ತದೆ, ಮುಂದೆ ಥ್ರಾಶಿಂಗ್ ಪಾಠದಲ್ಲೂ ಬರುತ್ತದೆ. ಅದು ಪಾಠದ ಬೆನ್ನೆಲುಬು. ಬೆಲಾಡಿ ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದರು ಎಂಬ ಸಾಲು ಒಂದೇ ಸಲ ಬಂದು ಹೋಗುತ್ತದೆ. ಅದು ಮಾತಿಗೆ ಬಂದ ಮಾತು.

ಒತ್ತಿನ ವಿಷಯದಲ್ಲಿ ಆಯಾ ಮೇಷ್ಟ್ರ ರೂಢಿ ತಿಳಿಯದೆ ತೀರ್ಮಾನಕ್ಕೆ ಬರಬಾರದು. ಶೀರ್ಷಿಕೆ ದಪ್ಪಗಿರುವುದು ಟೆಂಪ್ಲೇಟಿನ ಗುಣ, ಅದಕ್ಕೆ ಅರ್ಥವಿಲ್ಲ. ಪ್ರತಿ ಸಾಲಿನಲ್ಲೂ ಬೋಲ್ಡ್ ಬಳಸುವವರ ಬೋಲ್ಡ್‌ಗೂ ಬೆಲೆ ಇಲ್ಲ. ಇಡೀ ಪಾಠದಲ್ಲಿ ಎರಡು ಮೂರು ಕಡೆ ಮಾತ್ರ ಕೆಂಪು ಬಣ್ಣ ಅಥವಾ ಚೌಕಟ್ಟು ಹಾಕಿದ್ದರೆ ಮಾತ್ರ ಅಲ್ಲಿ ನಿಲ್ಲಿ.

ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಹೆಚ್ಚು ನಂಬಬೇಕಾದದ್ದು ಬಿಡಿಸಿದ ಲೆಕ್ಕವನ್ನು. ಅದನ್ನು ಹಂತ ಹಂತವಾಗಿ ಸ್ಲೈಡಿನಲ್ಲಿ ತೋರಿಸಲು ಮೇಷ್ಟ್ರಿಗೆ ಶ್ರಮ ಬೇಕು; ಸುಮ್ಮನೆ ಯಾರೂ ಅಷ್ಟು ಮಾಡುವುದಿಲ್ಲ. ಈ ಪಾಠದ ಹೆಸರಾಂತ ಲೆಕ್ಕ ಇದು:

```
1 2 3 4 1 2 5 1 2 3 4 5
```

ಪೇಜುಗಳನ್ನು ಈ ಕ್ರಮದಲ್ಲಿ ಕೇಳಿದಾಗ, 3 ಫ್ರೇಮ್ ಇಟ್ಟುಕೊಂಡು ಫಿಫೊ ಪ್ರಕಾರ ಬಿಡಿಸಿ. ಮೊದಲ ಏಳೂ ಪೇಜ್ ಫಾಲ್ಟ್. ಆಗ ಮೆಮೊರಿಯಲ್ಲಿ 1, 2, 5 ಇರುತ್ತವೆ. ಮುಂದಿನ 1 ಮತ್ತು 2 ಅಲ್ಲೇ ಸಿಗುತ್ತವೆ, 3 ಮತ್ತು 4 ಸಿಗುವುದಿಲ್ಲ, ಕೊನೆಯ 5 ಸಿಗುತ್ತದೆ. ಒಟ್ಟು 9 ಫಾಲ್ಟ್. ಈಗ ಫ್ರೇಮ್ 4 ಮಾಡಿ. ಜಾಗ ಹೆಚ್ಚಿದ್ದಕ್ಕೆ ಫಾಲ್ಟ್ ಕಡಿಮೆಯಾಗಬೇಕಿತ್ತು. ಆದರೆ 10 ಆಗುತ್ತದೆ. ಇದೇ ಬೆಲಾಡಿ ಅನಾಮಲಿ. ಅದೇ ಸಾಲಿಗೆ ಎಲ್‌ಆರ್‌ಯು ಹಾಕಿದರೆ 3 ಫ್ರೇಮಿಗೆ 10, 4 ಫ್ರೇಮಿಗೆ 8. ಅಲ್ಲಿ ಈ ವಿಚಿತ್ರ ಇಲ್ಲ.

ಲೆಕ್ಕ ಬಿಡಿಸಿದ ಮೇಲೆ ಸ್ಲೈಡುಗಳಿಗೆ ಹಿಂತಿರುಗಿ, ಈ ಸಾಲು ತಿಳಿಯದಿದ್ದರೆ ಲೆಕ್ಕ ಆಗುತ್ತಿತ್ತೇ ಎಂದು ಒಂದೊಂದನ್ನೂ ಕೇಳಿ. ಫ್ರೇಮ್, ಫಾಲ್ಟ್, ಹೊರಹಾಕುವ ನಿಯಮ ಇವಿಲ್ಲದೆ ಆಗದು. ಬೆಲಾಡಿಯ ಭಾವಚಿತ್ರ ಇಲ್ಲದಿದ್ದರೂ ಆಗುತ್ತದೆ.

ಈ ಕ್ರಮ ಎಡವುವ ಜಾಗವೂ ಇದೆ. ಎಲ್‌ಆರ್‌ಯುನಲ್ಲಿ ಅನಾಮಲಿ ಏಕೆ ಬರುವುದಿಲ್ಲ? 3 ಫ್ರೇಮಿನಲ್ಲಿರುವ ಪೇಜುಗಳೆಲ್ಲ 4 ಫ್ರೇಮಿನಲ್ಲೂ ಇದ್ದೇ ಇರುತ್ತವೆ. ಇಂಥದ್ದಕ್ಕೆ ಸ್ಟ್ಯಾಕ್ ಆಲ್ಗಾರಿದಂ ಎನ್ನುತ್ತಾರೆ. ಸ್ಲೈಡಿನಲ್ಲಿ ಈ ವಿವರಣೆ ಒಂದೇ ಸಾಲಿನಲ್ಲಿ, ಒತ್ತಿಲ್ಲದೆ ಬಂದು ಹೋಗಬಹುದು. ಪದ ಎಣಿಸುವವರು ಅದನ್ನು ಬಿಟ್ಟೇಬಿಡುತ್ತಾರೆ. ಆದರೆ ‘ಕಾರಣ ಕೊಡಿ’ ಎಂದು ಕೇಳಿದರೆ ಉತ್ತರ ಅದೇ. ಆದ್ದರಿಂದ ಲೆಕ್ಕದ ಉತ್ತರ ಹೀಗೇಕೆ ಬಂತು ಎಂದು ಹೇಳುವ ಸಾಲು ಒಂದೇ ಸಲ ಬಂದಿದ್ದರೂ ಓದುವ ಪಟ್ಟಿಯಲ್ಲೇ ಇರಲಿ.

ಪಟ್ಟಿ ಮುಗಿದ ಮೇಲೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ. ಪತ್ರಿಕೆಯಲ್ಲಿ ಬಂದ ಯಾವುದಾದರೂ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ, ಬಿಟ್ಟ ಸ್ಲೈಡುಗಳನ್ನು ಇನ್ನೊಮ್ಮೆ ತೆರೆಯಿರಿ.