ಬದಲಿಯೋ ರಿಪೇರಿಯೋ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಳೆಗಾಲದಲ್ಲಿ ವಿದ್ಯುತ್ತು ಕೈಕೊಡುವುದು ಹೊಸತಲ್ಲ. ಕೊಪ್ಪದ ಬಳಿಯ ಮನೆಯೊಂದಕ್ಕೆ ಜುಲೈ 1ರಂದು ಹೊಸ ಮೊಬೈಲ್ ಫೋನು ಬಂದಿತೆಂದು ಭಾವಿಸೋಣ. ವಿದ್ಯುತ್ತಿಲ್ಲವೆಂದು ಪೆಟ್ಟಿಗೆಯನ್ನು ತೆರೆಯದೆ ಇಟ್ಟರು. 6ರಂದು ತೆರೆದು ಚಾರ್ಜಿಗೆ ಹಾಕಿದರೆ ಅದರಲ್ಲಿ ಜೀವವೇ ಇಲ್ಲ! ಮಾರಿದವನು ಬದಲಿ ಕೊಡಲು ಒಪ್ಪಿದ ಅವಧಿ 7 ದಿನ. ಅದರ ಎಣಿಕೆ ಪೆಟ್ಟಿಗೆ ತೆರೆದಂದಿನಿಂದಲ್ಲ, ಕೈಸೇರಿದಂದಿನಿಂದ. ಉಳಿದಿರುವುದು ಒಂದೆರಡೇ ದಿನ.

ಅವರ ಮುಂದೆ ಎರಡು ದಾರಿಗಳಿವೆ. ಗಡುವಿನೊಳಗೆ ಮಾರಿದವನಿಗೆ ದೂರಿತ್ತರೆ ಬೇರೊಂದು ಹೊಸ ಫೋನನ್ನು ಕೇಳಬಹುದು. ಸೇವಾ ಕೇಂದ್ರಕ್ಕೆ ಒಯ್ದರೆ ಅದೇ ಫೋನನ್ನು ಬಿಚ್ಚಿ ಸರಿಪಡಿಸುತ್ತಾರೆ. ತಯಾರಕನ ವಾರಂಟಿಯು ಸಾಮಾನ್ಯವಾಗಿ ರಿಪೇರಿಯ ಭರವಸೆಯೇ ಹೊರತು ಬದಲಿಯದಲ್ಲ. ಬಿಚ್ಚಿದ ಫೋನನ್ನು ಹಿಂದಕ್ಕೆ ಪಡೆಯಲು ಮಾರಿದವನು ಒಪ್ಪದಿರಬಹುದು; ಅಷ್ಟರಲ್ಲಿ ಗಡುವೂ ಕಳೆದಿರುತ್ತದೆ.

ಆದುದರಿಂದ ಮೊದಲು ದೂರನ್ನು ದಾಖಲಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮಾರಿದವನೇ ಸೇವಾ ಕೇಂದ್ರದ ಪತ್ರವನ್ನು ಕೇಳಿದರೆ, ರಿಪೇರಿಗೆ ಒಪ್ಪಿಗೆ ಕೊಡದೆ, ‘ಬರುವಾಗಲೇ ಕೆಟ್ಟಿತ್ತು’ ಎಂಬ ಬರಹವನ್ನಷ್ಟೇ ಪಡೆಯಬೇಕು.

ನ್ಯಾಯ ದೊರೆಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋಗಬಹುದು. ಮಾರಿದವನು ಎಲ್ಲಿಯವನಾದರೂ, ಕೊಂಡವನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲುತ್ತದೆ. ಅಲ್ಲಿ ಸಾಕ್ಷಿಯಾಗಿ ನಿಲ್ಲುವುದು ಬರೆದಿಟ್ಟ ಆ ಸಂಖ್ಯೆ ಮತ್ತು ದಿನಾಂಕ.